ಮೋಲ್ಡ್ ಹಾಕುವ ಹೊತ್ತಿಗೆ ದುಡ್ಡು ನಿಂತರೆ

ಹಾಸನದಲ್ಲಿ ನಮ್ಮ ಪಕ್ಕದ ಬೀದಿಯ ಮೇಷ್ಟ್ರೊಬ್ಬರು ಮನೆ ಕಟ್ಟಿಸುತ್ತಿದ್ದರು. ಗೋಡೆ ಎದ್ದಿತ್ತು, ಸೆಂಟ್ರಿಂಗ್ ಶೀಟು ಹಾಸಿ, ಕೆಳಗೆ ಮರದ ಕಂಬ ಕೊಟ್ಟು, ಮೇಲೆ ಕಬ್ಬಿಣ ಕಟ್ಟಿಯೂ ಆಗಿತ್ತು. ಕಾಂಕ್ರೀಟ್ ಸುರಿಯುವುದೊಂದೇ ಬಾಕಿ. ಅಲ್ಲಿಗೆ ಕೆಲಸ ನಿಂತಿತು. ಕಂಟ್ರಾಕ್ಟರ್ ಹೇಳಿದ್ದು: ‘ಸಾರ್, ಮೋಲ್ಡಿನ ಕಂತು ಕೊಡಿ, ನಾಳೆಯೇ ಹಾಕ್ತೀನಿ.’ ಬ್ಯಾಂಕಿನವರು ಹೇಳಿದ್ದು: ‘ಮೊದ್ಲು ಮೋಲ್ಡ್ ಹಾಕಿಸಿ ಸಾರ್, ನಮ್ಮ ಇಂಜಿನಿಯರ್ ಬಂದು ನೋಡ್ತಾರೆ, ಆಮೇಲೆ ದುಡ್ಡು.’ ಇಬ್ಬರದೂ ಸರಿಯೇ. ನಡುವೆ ಮಳೆ ಬಂತು, ಕಟ್ಟಿದ ಕಂಬಿ ಕೆಂಪಾಗತೊಡಗಿತು, ಶೀಟಿನ ದಿನಬಾಡಿಗೆ ಏರುತ್ತಲೇ ಇತ್ತು.

ಮೇಷ್ಟ್ರ ಬಳಿ ದುಡ್ಡಿರಲಿಲ್ಲ ಎಂದಲ್ಲ. ಒಟ್ಟು ಲೆಕ್ಕ ಹಾಕಿದರೆ ಮನೆ ಮುಗಿದ ಮೇಲೂ ಒಂದಷ್ಟು ಉಳಿಯಬೇಕಿತ್ತು. ದುಡ್ಡು ಬರುವ ದಿನಕ್ಕೂ ಕೊಡುವ ದಿನಕ್ಕೂ ತಾಳೆ ಇರಲಿಲ್ಲ, ಅಷ್ಟೇ. ಮನೆ ಕಟ್ಟಿಸುವವರಲ್ಲಿ ಹೆಚ್ಚಿನವರು ‘ಒಟ್ಟು ಎಷ್ಟಾಗುತ್ತೆ’ ಎಂಬುದನ್ನು ಹತ್ತು ಸಲ ಕೂಡಿ ಕಳೆಯುತ್ತಾರೆ, ‘ಯಾವಾಗ ಎಷ್ಟು ಬೇಕು’ ಎಂಬುದನ್ನು ಒಂದು ಸಲವೂ ಬರೆದು ನೋಡುವುದಿಲ್ಲ.

ಅವರ ಲೆಕ್ಕವನ್ನು ಸ್ವಲ್ಪ ದುಂಡಗೆ ಮಾಡಿ ಇಲ್ಲಿಡುತ್ತೇನೆ. ಸಾವಿರ ಚದರಡಿ ಮನೆ, ಚದರಡಿಗೆ 2,200 ರೂಪಾಯಿ, ಅಂದರೆ ಕಂಟ್ರಾಕ್ಟ್ 22 ಲಕ್ಷ. ಚದರಡಿಯ ದರದೊಳಗೆ ಸೇರದ ಖರ್ಚುಗಳು ಬೇರೆ: ಪ್ಲಾನ್ ಮಂಜೂರಾತಿ, ಸಂಪು, ಕರೆಂಟು ಮತ್ತು ನೀರಿನ ಕನೆಕ್ಷನ್, ಕಾಂಪೌಂಡು, ಗೇಟು, ಅಡುಗೆಮನೆಯ ಮರಗೆಲಸ. ಇವು 4 ಲಕ್ಷ. ಇದನ್ನು ಹಲವರು ‘ಅನಿರೀಕ್ಷಿತ ಖರ್ಚು’ ಎನ್ನುತ್ತಾರೆ. ಸಂಪಿಲ್ಲದೆ ಮನೆ ಕಟ್ಟಲಾಗದು ಎಂದು ಮೊದಲೇ ಗೊತ್ತಿರುವಾಗ ಅದು ಅನಿರೀಕ್ಷಿತ ಹೇಗಾದೀತು? ಇದೆಲ್ಲ ಸೇರಿ 26 ಲಕ್ಷ. ಅದರ ಮೇಲೆ ಶೇ. 10ರಷ್ಟು, ಅಂದರೆ 2.6 ಲಕ್ಷ, ನಿಜವಾದ ಮೀಸಲು. ಬ್ಯಾಂಕು ಅವರ ಸಂಬಳ ನೋಡಿ 19.5 ಲಕ್ಷ ಸಾಲ ಒಪ್ಪಿತು. ಉಳಿದ 6.5 ಲಕ್ಷ ಮತ್ತು ಮೀಸಲು ಮೇಷ್ಟ್ರ ಕೈಯಿಂದ.

ಮೀಸಲು ಯಾತಕ್ಕೆ ಎಂಬುದು ಪಾಯದಲ್ಲೇ ಗೊತ್ತಾಯಿತು. ಅಗ್ರಿಮೆಂಟಿನಲ್ಲಿ ಪಾಯದ ಆಳ 5 ಅಡಿ, ಅದಕ್ಕಿಂತ ಇಳಿದರೆ ಹೆಚ್ಚುವರಿ ದುಡ್ಡು ಎಂದಿತ್ತು. ಒಂದು ಮೂಲೆಯಲ್ಲಿ ಯಾರೋ ಯಾವ ಕಾಲದಲ್ಲೋ ಗುಂಡಿ ಮುಚ್ಚಿದ್ದ ಸಡಿಲ ಮಣ್ಣು ಸಿಕ್ಕಿತು. ಗಟ್ಟಿ ನೆಲ ಸಿಗಲು 7 ಅಡಿ ಹೋಗಬೇಕಾಯಿತು. ಅಲ್ಲಿಗೇ 1.1 ಲಕ್ಷ ಹೆಚ್ಚು. ಅಗ್ರಿಮೆಂಟಿಗೆ ಮುಂಚೆ ನಾಲ್ಕು ಮೂಲೆಯಲ್ಲಿ ಆಳುದ್ದ ಗುಂಡಿ ತೋಡಿಸಿ ನೋಡಿದ್ದರೆ ಈ ಸಂಗತಿ ಒಂದೆರಡು ದಿನದ ಕೂಲಿಯಲ್ಲಿ ತಿಳಿಯುತ್ತಿತ್ತು. ಇಂಥದ್ದಕ್ಕೆ, ಸಿಮೆಂಟು ಕಬ್ಬಿಣದ ದರ ಏರಿದ್ದಕ್ಕೆ ಮೀಸಲು. ಅಂಗಡಿಯಲ್ಲಿ ದೊಡ್ಡ ಟೈಲ್ಸ್ ನೋಡಿ ಮನಸ್ಸಾದರೆ ಅದು ಆಸೆಯ ಖರ್ಚು. ಅದಕ್ಕೆ ಬೇರೆ ಕಿಸೆ ಹುಡುಕಬೇಕು.

ಈಗ ನಿಜವಾದ ಗಂಟಿಗೆ ಬರೋಣ. ಕಂಟ್ರಾಕ್ಟರಿನ ಕಂತುಗಳು ಹೀಗಿದ್ದವು: ಅಡ್ವಾನ್ಸ್ 2.2 ಲಕ್ಷ, ಪಾಯಕ್ಕೆ 4.4, ಲಿಂಟಲಿಗೆ 3.3, ಮೋಲ್ಡಿಗೆ 5.5, ಪ್ಲಾಸ್ಟರಿಂಗಿಗೆ 3.3, ಫ್ಲೋರಿಂಗಿಗೆ 2.2, ಬೀಗದ ಕೈ ಕೊಡುವಾಗ 1.1. ಕೆಳಗೆ ಸಣ್ಣದಾಗಿ ಒಂದು ಸಾಲು: ‘ಆಯಾ ಹಂತ ಶುರುವಾಗುವಾಗ.’ ಬ್ಯಾಂಕಿನ ಪಟ್ಟಿಯಲ್ಲಿ ಇದ್ದದ್ದು ನಾಲ್ಕೇ ಹಂತ: ಪಾಯ ಮುಗಿದಾಗ 4 ಲಕ್ಷ, ಮೋಲ್ಡ್ ಮುಗಿದಾಗ 7.5, ಪ್ಲಾಸ್ಟರಿಂಗ್ ಮುಗಿದಾಗ 5, ಕೊನೆಗೆ 3. ಅದೂ ಮೇಷ್ಟ್ರ ಪಾಲಿನ ದುಡ್ಡು ಮೊದಲು ನೆಲಕ್ಕಿಳಿದ ಮೇಲೆ. ಲಿಂಟಲ್ ಎಂಬ ಹಂತವೇ ಅದರಲ್ಲಿಲ್ಲ.

ಮೋಲ್ಡಿನ ಹಿಂದಿನ ದಿನಕ್ಕೆ ನಿಂತು ನೋಡಿ. ಕಂಟ್ರಾಕ್ಟರಿಗೆ ನಾಲ್ಕು ಕಂತು ಸೇರಿ 15.4 ಲಕ್ಷ, ಪ್ಲಾನು, ಸಂಪು ಇತ್ಯಾದಿಗೆ 1.5 ಲಕ್ಷ, ಒಟ್ಟು 16.9 ಲಕ್ಷ ಹೊರಗೆ ಹೋಗಬೇಕು. ಒಳಗೆ ಬಂದದ್ದು ಸ್ವಂತದ 6.5, ಬ್ಯಾಂಕಿನ 4, ಒಟ್ಟು 10.5 ಲಕ್ಷ. 6.4 ಲಕ್ಷದ ಹಳ್ಳ. ಪಾಯದಲ್ಲಿ ತಿಂದು ಉಳಿದ ಮೀಸಲು 1.5 ಲಕ್ಷ ಹಾಕಿದರೂ 4.9 ಲಕ್ಷ ಬೇಕು. ಮೇಷ್ಟ್ರ ಮನೆಯವರ ಒಡವೆ ಗಿರವಿಗೆ ಹೋಯಿತು.

ಇದೇ 22 ಲಕ್ಷವನ್ನು, ಒಂದು ರೂಪಾಯಿ ಕಡಿಮೆ ಮಾಡಿಸದೆ, ಬೇರೆ ರೀತಿ ಬರೆಸಬಹುದಿತ್ತು. ‘ಶುರುವಾಗುವಾಗ’ ಎಂಬ ಕಡೆ ‘ಮುಗಿದ 10 ದಿನದೊಳಗೆ’ ಎಂದು ಹಾಕಿಸಿದರೆ ಮೋಲ್ಡಿನ ಕಂತು ಬ್ಯಾಂಕಿನ 7.5 ಲಕ್ಷ ಬಂದ ಮೇಲೆ ಕೊಟ್ಟರಾಯಿತು. ಅಲ್ಲಿಯವರೆಗೆ ಹೋಗುವುದು 11.4 ಲಕ್ಷ, ಹಳ್ಳ 6.4 ಲಕ್ಷದಿಂದ 90 ಸಾವಿರಕ್ಕೆ ಇಳಿಯಿತು. ಅಡ್ವಾನ್ಸನ್ನು ಅರ್ಧ ಮಾಡಿ, ಉಳಿದ 1.1 ಲಕ್ಷವನ್ನು ಕೊನೆಯ ಕಂತಿಗೆ ದೂಡಿದರೆ ಹೋಗುವುದು 10.3 ಲಕ್ಷ, ಬಂದದ್ದು 10.5. ಹಳ್ಳವೇ ಇಲ್ಲ. ಮೀಸಲು ತನ್ನ ಕೆಲಸಕ್ಕೇ ಉಳಿಯುತ್ತದೆ.

ಕಂಟ್ರಾಕ್ಟರ್ ಇದಕ್ಕೆ ಒಪ್ಪುತ್ತಾನೆಯೇ? ಎಲ್ಲರೂ ಒಪ್ಪುವುದಿಲ್ಲ. ವಾರವಾರ ಮೇಸ್ತ್ರಿ, ಕೂಲಿಯವರಿಗೆ ಬಟವಾಡೆ ಕೊಡಬೇಕಾದವನು ಅವನು. ಸಾಲದಲ್ಲಿ ಸಿಮೆಂಟು ಕಬ್ಬಿಣ ತರುವ ತಾಕತ್ತಿಲ್ಲದವನಿಗೆ ಪೂರ್ತಿ ಮುಗಿದ ಮೇಲೆ ದುಡ್ಡು ಎಂದರೆ ಕಷ್ಟ. ಆಗ ದೊಡ್ಡ ಕಂತನ್ನು ಒಡೆಯಬೇಕು: ಕಂಬಿ ಕಟ್ಟಿದಾಗ 1.5 ಲಕ್ಷ, ಕಾಂಕ್ರೀಟ್ ಆದ ಮೇಲೆ 4. ಆ 1.5 ಲಕ್ಷ ನಾಲ್ಕು ವಾರದ ಮಟ್ಟಿಗೆ ಮೀಸಲಿನಿಂದ ಹೋಗಿ ಮತ್ತೆ ಬಂದು ಸೇರುತ್ತದೆ. ಅದಕ್ಕೇ ಮೀಸಲನ್ನು ಮುರಿಯಲಾಗದ ಡಿಪಾಸಿಟ್ಟಿನಲ್ಲಿಟ್ಟರೆ ಪ್ರಯೋಜನವಿಲ್ಲ, ಮೋಲ್ಡ್ ಆಗುವವರೆಗೆ ಅರ್ಧವಾದರೂ ಕೈಗೆ ಸಿಗುವಂತಿರಬೇಕು.

ಲೆಕ್ಕ ಇಡಲು ಒಂದು ಹಾಳೆ ಸಾಕು. ಪ್ರತಿ ಹಂತದ ಎದುರು ಬರೆಯಬೇಕಾದ್ದು: ಕೊಡಬೇಕಾದ್ದೆಷ್ಟು, ಕೊಟ್ಟ ದಿನ, ಬ್ಯಾಂಕಿಗೆ ಅರ್ಜಿ ಕೊಟ್ಟ ದಿನ, ಇಂಜಿನಿಯರ್ ಬಂದ ದಿನ, ದುಡ್ಡು ಬಿದ್ದ ದಿನ, ಕೈಯಲ್ಲಿ ಉಳಿದದ್ದು. ಮೊದಲ ಬಿಡುಗಡೆಗೆ ಎಷ್ಟು ದಿನ ಹಿಡಿಯಿತು ಎಂಬುದು ಆ ಹಾಳೆಯಲ್ಲೇ ಇರುತ್ತದೆ. ಮುಂದಿನ ಸಲ ಅಷ್ಟು ದಿನ ಮೊದಲೇ ಅರ್ಜಿ ಕೊಡಬಹುದು. ಇಂಜಿನಿಯರ್ ಕಣ್ಣಿಗೆ ಕಂಡ ಕೆಲಸಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ. ಅಂಗಳದಲ್ಲಿ ಬಿದ್ದಿರುವ ಇಟ್ಟಿಗೆ, ಕಂಬಿ ಸಾಮಾನ್ಯವಾಗಿ ಲೆಕ್ಕಕ್ಕೆ ಬಾರದು. ಹಾಗಾಗಿ ಅರ್ಜಿ ಹಾಕಿದ ಮಾತ್ರಕ್ಕೆ ಪಟ್ಟಿಯಲ್ಲಿದ್ದಷ್ಟೂ ಬರುತ್ತದೆ ಎಂದು ನಂಬಿ ಕಂಟ್ರಾಕ್ಟರಿಗೆ ದಿನ ಹೇಳಬಾರದು.

ಹಾಳೆಯಲ್ಲಿ ಇನ್ನೊಂದು ಸಾಲು ಬಡ್ಡಿಗೆ. ಮನೆ ಮುಗಿಯುವವರೆಗೆ ಬಿಡುಗಡೆಯಾದ ಮೊತ್ತಕ್ಕೆ ಮಾತ್ರ ಬಡ್ಡಿ ಕಟ್ಟುವ ಏರ್ಪಾಡು ಹಲವು ಬ್ಯಾಂಕುಗಳಲ್ಲಿದೆ. ಶೇ. 8.5ರ ದರವೆಂದು ಹಿಡಿದರೆ 4 ಲಕ್ಷಕ್ಕೆ ತಿಂಗಳಿಗೆ ಸುಮಾರು 2,800, ಮೋಲ್ಡಿನ ನಂತರ 11.5 ಲಕ್ಷಕ್ಕೆ 8,100, ಪ್ಲಾಸ್ಟರಿಂಗ್ ಆದ ಮೇಲೆ 16.5 ಲಕ್ಷಕ್ಕೆ 11,700. ಒಂದೊಂದು ಹಂತ ಮೂರು ತಿಂಗಳೆಂದರೂ 68 ಸಾವಿರ. ಈಗಿನ ಬಾಡಿಗೆ ಮನೆಯ ಬಾಡಿಗೆ ಇದರ ಜೊತೆಗೇ ನಡೆಯುತ್ತಿರುತ್ತದೆ.

ಮೇಷ್ಟ್ರ ಮನೆಗೆ ಮೋಲ್ಡ್ ಬಿತ್ತು. ಬ್ಯಾಂಕಿನ 7.5 ಲಕ್ಷವೂ ಬಂತು. ಆದರೆ ಅಷ್ಟು ಹೊತ್ತಿಗೆ ಪ್ಲಾಸ್ಟರಿಂಗ್ ‘ಶುರುವಾಗುವ’ ಕಂತು ಬಾಗಿಲಲ್ಲಿ ನಿಂತಿತ್ತು. ಒಡವೆ ಬಿಡಿಸಿಕೊಂಡದ್ದು ಬ್ಯಾಂಕಿನ ಕೊನೆಯ ಕಂತು ಬಂದ ಮೇಲೆ, ಗೃಹಪ್ರವೇಶ ಮುಗಿದು ಎರಡು ತಿಂಗಳಿಗೆ.