52ರಲ್ಲಿ 38 ಹೋದರೆ 26: ಒಂದು ಅರ್ಜಿಪತ್ರ ಹುಟ್ಟುವ ಬಗೆ

ಏಳೆಂಟು ವರ್ಷ ಪಾಠ ಮಾಡಿದ ಶಿಕ್ಷಕರು ಶಿಕ್ಷಣ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಲು ಹೊರಟರೆ ಅಂಕಪಟ್ಟಿ, ಸೇವಾ ಪ್ರಮಾಣಪತ್ರಗಳೆಲ್ಲ ಹೇಗೋ ಹೊಂದಿಕೆಯಾಗುತ್ತವೆ. ವಾರಗಟ್ಟಲೆ ಕಾಡುವುದು ಒಂದೇ ಕಾಗದ. ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಎಲ್ಲರ ಬಾಯಲ್ಲಿ ಎಸ್‌ಒಪಿ. ಈ ಓದು ನಿಮಗೆ ಏಕೆ ಬೇಕು, ಈಗ ಏಕೆ ಬೇಕು, ನಮ್ಮಲ್ಲೇ ಏಕೆ ಓದಬೇಕು ಎಂದು ವಿಶ್ವವಿದ್ಯಾಲಯ ಕೇಳುತ್ತದೆ. ಎರಡು ಪುಟದೊಳಗೆ ಉತ್ತರ ಬರೆಯಬೇಕು.

ಗೆಳೆಯರು ತಂದು ತೋರಿಸುವ ಕರಡುಗಳನ್ನು ಓದುವಾಗ ನನಗೆ ಬೇಸರವಾಗುವುದು ಭಾಷೆಯ ತಪ್ಪುಗಳಿಗಲ್ಲ. ವರ್ಷಾನುಗಟ್ಟಲೆ ಮಕ್ಕಳ ನಡುವೆ ಇದ್ದವರ ಕಾಗದದಲ್ಲಿ ಒಂದು ಮಗುವೂ ಇರುವುದಿಲ್ಲ. ಶಿಕ್ಷಕ ವೃತ್ತಿ ಪವಿತ್ರ ಎಂಬ ಮೊದಲ ಸಾಲು, ಬಾಲ್ಯದಿಂದಲೂ ಶಿಕ್ಷಕನಾಗುವ ಆಸೆಯಿತ್ತು ಎಂಬ ಎರಡನೆಯದು, ಆಮೇಲೆ ಹೊತ್ತ ಜವಾಬ್ದಾರಿಗಳ ಪಟ್ಟಿ: ಬಿಸಿಯೂಟ, ಗಣತಿ, ಚುನಾವಣೆ, ಪ್ರತಿಭಾ ಕಾರಂಜಿ. ಹೆಸರನ್ನು ಮುಚ್ಚಿಟ್ಟು ಓದಿ ನೋಡಿ. ತಾಲ್ಲೂಕಿನ ಯಾವ ಶಿಕ್ಷಕರು ಬೇಕಾದರೂ ಅದಕ್ಕೆ ಸಹಿ ಹಾಕಬಹುದು ಅನ್ನಿಸಿದರೆ ಆ ಕರಡು ಇನ್ನೂ ಶುರುವಾಗಿಲ್ಲ ಎಂದೇ ಅರ್ಥ. ಸೇವಾವಧಿ ಎಷ್ಟು, ಯಾವ ತರಬೇತಿ ಆಯಿತು ಎಂಬುದೆಲ್ಲ ಅರ್ಜಿಯ ಬೇರೆ ಕಲಮುಗಳಲ್ಲಿ ಇದ್ದೇ ಇರುತ್ತದೆ. ಓದುವವರು ಎಸ್‌ಒಪಿಯಲ್ಲಿ ಹುಡುಕುವುದು ನಿಮ್ಮ ತರಗತಿಯಲ್ಲಿ ನಿಮಗೇ ಬಿಡಿಸಲಾಗದೆ ಉಳಿದ ಗಂಟು ಯಾವುದು ಎಂಬುದನ್ನು.

ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳೋಣ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ನಾಲ್ಕನೇ ತರಗತಿ, ಕಳೆಯುವ ಲೆಕ್ಕ. 52ರಲ್ಲಿ 38 ಕಳೆಯಿರಿ ಎಂದರೆ ಹಲವು ಮಕ್ಕಳು 26 ಎಂದು ಬರೆಯುತ್ತಾರೆ. ಸರಿಯುತ್ತರ 14. ‘ನನ್ನ ಮಕ್ಕಳು ಗಣಿತದಲ್ಲಿ ಹಿಂದಿದ್ದರು, ಚಟುವಟಿಕೆಗಳ ಮೂಲಕ ಅವರನ್ನು ಮುಂದೆ ತಂದೆ’ ಎಂಬುದು ಅವರ ಮೊದಲ ಕರಡಿನ ಸಾಲು. ಇದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಯಾವ ತಪ್ಪು, ಯಾರು ಮಾಡಿದರು, ಏಕೆ ಮಾಡಿದರು?

ಈಗ ಆ ತಪ್ಪನ್ನೇ ಹತ್ತಿರದಿಂದ ನೋಡೋಣ. 26 ಎಲ್ಲಿಂದ ಬಂತು? ಐದರಲ್ಲಿ ಮೂರು ಹೋದರೆ ಎರಡು. ಬಿಡಿ ಸ್ಥಾನದಲ್ಲಿ ಎರಡರಿಂದ ಎಂಟನ್ನು ಕಳೆಯಲು ಬಾರದು, ಹಾಗಾಗಿ ಮಗು ತಿರುಗಿಸಿ ಎಂಟರಿಂದ ಎರಡನ್ನು ಕಳೆಯಿತು, ಆರು ಉಳಿಯಿತು. ಮಗು ಗಮನವಿಲ್ಲದೆ ಬರೆದದ್ದಲ್ಲ, ಒಂದು ನಿಯಮ ಹಿಡಿದು ಬರೆದಿದೆ. 61ರಿಂದ 27 ಕಳೆ ಎಂದರೆ ಅದೇ ಮಗು 46 ಎನ್ನುತ್ತದೆ. ‘ಹೇಗೆ ಮಾಡಿದೆ, ಹೇಳು’ ಎಂದು ಪಕ್ಕದಲ್ಲಿ ಕೂತು ಕೇಳಿದರೆ ಉತ್ತರ ಸಿಗುತ್ತದೆ: ‘ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಅಂತ ನೀವೇ ಹೇಳಿದ್ರಲ್ಲ, ಮಿಸ್.’ ಒಂದಂಕಿಯ ಲೆಕ್ಕ ಕಲಿಸುವಾಗ ಹೇಳಿದ್ದ ಮಾತನ್ನು ಮಗು ಎರಡಂಕಿಗೂ ನಿಷ್ಠೆಯಿಂದ ಅನ್ವಯಿಸುತ್ತಿದೆ.

ಇಲ್ಲಿಗೇ ನಿಂತರೂ ಒಳ್ಳೆಯ ಪ್ಯಾರಾ ಆಗುತ್ತದೆ. ಆದರೆ ನಮ್ಮ ಶಿಕ್ಷಕಿ ಇನ್ನೊಂದು ಹೆಜ್ಜೆ ಹೋಗಿದ್ದಾರೆ. ಹತ್ತರ ಕಡ್ಡಿಕಟ್ಟುಗಳನ್ನೂ ಬಿಡಿ ಕಡ್ಡಿಗಳನ್ನೂ ಮುಂದಿಟ್ಟು ಅದೇ ಲೆಕ್ಕ ಕೊಟ್ಟರು. ಅದೇ ಮಕ್ಕಳು ಒಂದು ಕಟ್ಟು ಬಿಚ್ಚಿ, ಹನ್ನೆರಡು ಬಿಡಿ ಮಾಡಿಕೊಂಡು, ಎಂಟನ್ನು ತೆಗೆದಿಟ್ಟು 14 ಎಂದರು. ಮತ್ತೆ ಸ್ಲೇಟು ಹಿಡಿದರೆ 26! ಕೈಗೆ ಗೊತ್ತಿದ್ದದ್ದು ಬರವಣಿಗೆಗೆ ದಾಟುತ್ತಿಲ್ಲ. ‘ಪಕ್ಕದ ಮನೆಯಿಂದ ಸಾಲ ತೊಗೊ’ ಎಂದು ಹೇಳಿಕೊಟ್ಟರೆ ಸ್ಲೇಟಿನ ಉತ್ತರವೇನೋ ಸರಿಯಾಗುತ್ತದೆ. ಆದರೆ ಸಾಲ ತಂದದ್ದು ಒಂದೋ ಹತ್ತೋ ಎಂದು ಕೇಳಿದರೆ ‘ಒಂದು’ ಎನ್ನುವ ಮಕ್ಕಳಿದ್ದಾರೆ. ಕಟ್ಟು ಬಿಚ್ಚುವುದಕ್ಕೂ ಸ್ಲೇಟಿನ ಮೇಲೆ ಐದನ್ನು ಹೊಡೆದು ನಾಲ್ಕು ಮಾಡುವುದಕ್ಕೂ ಏನು ಸಂಬಂಧ ಎಂಬುದನ್ನು ಮಗು ಕಂಡುಕೊಳ್ಳುವುದು ಹೇಗೆ? ಅದಕ್ಕೆ ಪಾಠವನ್ನು ಯಾವ ಕ್ರಮದಲ್ಲಿ ಕಟ್ಟಬೇಕು? ಇದು ಶಿಕ್ಷಕಿಯ ಅನುಭವಕ್ಕೆ ನಿಲುಕದೆ ಉಳಿದ ಪ್ರಶ್ನೆ. ಎಸ್‌ಒಪಿಯ ತಿರುಳು ಇದೇ. ಒಟ್ಟು ಜಾಗದಲ್ಲಿ ಮೂರನೇ ಒಂದು ಭಾಗವನ್ನಾದರೂ ಇದಕ್ಕೆ ಕೊಡಿ ಎನ್ನುತ್ತೇನೆ ನಾನು.

ಇಂಥ ಪ್ರಶ್ನೆಗೆ ಓದಿನ ಲೋಕದಲ್ಲಿ ನೆಂಟರಿದ್ದಾರೆ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಮಕ್ಕಳ ವ್ಯವಕಲನದ ತಪ್ಪುಗಳನ್ನೇ ಹಿಡಿದು ಪ್ರಬಂಧ ಪ್ರಕಟಿಸಿದರು. ಬಹಳಷ್ಟು ತಪ್ಪುಗಳ ಹಿಂದೆ ಕ್ರಮಬದ್ಧವಾದ, ಆದರೆ ದಾರಿ ತಪ್ಪಿದ ವಿಧಾನವಿದೆ ಎಂದು ತೋರಿಸಿದರು. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ತಪ್ಪು ಸಂಶೋಧಕರಿಗೆ ಚೆನ್ನಾಗಿ ಪರಿಚಿತವಾದದ್ದು. ಶಿಕ್ಷಕಿ ಇದನ್ನು ನಿಜವಾಗಿ ಓದಿದ್ದರೆ ಎರಡು ವಾಕ್ಯದಲ್ಲಿ ಹೇಳಬಹುದು. ಓದದೆ ಹೆಸರುಗಳನ್ನು ಮಾತ್ರ ಉದುರಿಸಿದರೆ ಸಂದರ್ಶನದ ಮೊದಲ ಐದು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ.

ಪ್ರಶ್ನೆ ಸ್ಪಷ್ಟವಾದರೆ ‘ಇಲ್ಲೇ ಏಕೆ’ ಎಂಬುದು ಅರ್ಧ ಸುಲಭ. ಎಂ.ಇಡಿ ಮತ್ತು ಎಂ.ಎ. ಶಿಕ್ಷಣ ಒಂದೇ ಅಲ್ಲ. ಎಂ.ಇಡಿ ಶಿಕ್ಷಕರನ್ನು ತಯಾರು ಮಾಡುವವರಿಗಾಗಿ ಇರುವ ವೃತ್ತಿಪರ ಕೋರ್ಸು, ಎನ್‌ಸಿಟಿಇ ನಿಯಮಕ್ಕೆ ಒಳಪಟ್ಟದ್ದು, ಬಿ.ಇಡಿಯಂಥ ಅರ್ಹತೆ ಮೊದಲೇ ಇರಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿರುವಂಥ ಎಂ.ಎ. ಕೋರ್ಸಿಗೆ ಬೇರೆ ಬೇರೆ ವಿಷಯದ ಪದವೀಧರರೂ ಬರುತ್ತಾರೆ. ಆಯಾ ಸಂಸ್ಥೆಯ ಪಠ್ಯಕ್ರಮವನ್ನು ತೆರೆದು, ಗಣಿತ ಕಲಿಕೆಯ ಬಗ್ಗೆ, ಮಕ್ಕಳ ಚಿಂತನೆಯ ಬಗ್ಗೆ ಏನಿದೆ, ಶಾಲೆಗಳಲ್ಲಿ ಕ್ಷೇತ್ರಕಾರ್ಯ ಎಷ್ಟಿದೆ ಎಂದು ನೋಡಿ, ಸ್ಲೇಟು ಮತ್ತು ಕಡ್ಡಿಕಟ್ಟಿನ ಪ್ರಶ್ನೆಯನ್ನು ಅಲ್ಲಿಗೆ ಜೋಡಿಸಬೇಕು. ಏನೂ ಜೋಡಣೆಯಾಗದಿದ್ದರೆ ಆ ಕೋರ್ಸು ನಿಮ್ಮದಲ್ಲದಿರಬಹುದು. ಶುಲ್ಕ ಕಟ್ಟುವ ಮೊದಲೇ ತಿಳಿದದ್ದು ಒಳ್ಳೆಯದೇ. ‘ತಮ್ಮ ಪ್ರತಿಷ್ಠಿತ ಸಂಸ್ಥೆ’ ಎಂಬ ಹೊಗಳಿಕೆಯಿಂದ ಮಾತ್ರ ಯಾವ ಪ್ರಯೋಜನವೂ ಇಲ್ಲ.

ಓದಿದ ಮೇಲೆ ಏನು ಮಾಡುತ್ತೀರಿ ಎಂಬ ಭಾಗದಲ್ಲಿ ಅನುಭವಿಗಳೂ ಎಡವುತ್ತಾರೆ. ರಾಜ್ಯದ ಶಿಕ್ಷಣ ವ್ಯವಸ್ಥೆಯನ್ನೇ ಬದಲಿಸುತ್ತೇನೆ ಎಂದು ಬರೆಯುತ್ತಾರೆ. ನಮ್ಮ ಶಿಕ್ಷಕಿ ತನ್ನ ಶಾಲೆಗೇ ಮರಳಿ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಇತರ ಶಿಕ್ಷಕರ ಜೊತೆ ಮಕ್ಕಳ ತಪ್ಪುಗಳನ್ನು ಓದುವ ಅಭ್ಯಾಸ ಬೆಳೆಸುತ್ತೇನೆ, ಮುಂದೆ ಡಯಟ್‌ನಲ್ಲಿ ಗಣಿತ ತರಬೇತಿಯ ಕೆಲಸ ಮಾಡಲು ಬಯಸುತ್ತೇನೆ ಎಂದರೆ ನಂಬಬಹುದು. ಈ ಕೆಲಸಗಳು ನಿಜವಾಗಿ ಇವೆ, ಆಕೆಯ ಪ್ರಶ್ನೆಗೂ ಹೊಂದುತ್ತವೆ. ಸರ್ಕಾರಿ ಸೇವೆಯಲ್ಲಿರುವವರು ಇಲಾಖೆಯ ಅನುಮತಿ, ರಜೆ ಇವನ್ನೆಲ್ಲ ಮೊದಲೇ ವಿಚಾರಿಸಿಕೊಂಡು ಬರೆಯುವುದು ಕ್ಷೇಮ.

ಎರಡು ಅಪಾಯಗಳನ್ನು ಹೇಳಲೇಬೇಕು. ಒಂದು, ಫಲಿತಾಂಶದ ಹೆಮ್ಮೆ. ‘ನನ್ನ ವಿಧಾನದಿಂದ ಎಲ್ಲರೂ ಪಾಸಾದರು’ ಎಂದರೆ, ನಿಮ್ಮ ವಿಧಾನದಿಂದಲೇ ಎಂದು ಹೇಗೆ ಗೊತ್ತು ಎಂಬ ಮರುಪ್ರಶ್ನೆ ಖಂಡಿತ. ಕೆಲವು ಮಕ್ಕಳಿಗೆ ಅದು ಸಹಾಯವಾಯಿತು, ಇಬ್ಬರಿಗೆ ಆಗಲಿಲ್ಲ ಎಂದು ಬರೆದವರ ಮಾತಿಗೇ ಹೆಚ್ಚು ತೂಕ. ಇನ್ನೊಂದು, ದೂರು. ಪೋಷಕರಿಗೆ ಕಾಳಜಿಯಿಲ್ಲ, ಅಧಿಕಾರಿಗಳಿಗೆ ಅರ್ಥವಾಗುವುದಿಲ್ಲ ಎಂಬುದರಲ್ಲೇ ಪುಟ ತುಂಬಿದರೆ ಮಗು ಮತ್ತೆ ಕಾಣೆಯಾಗುತ್ತದೆ. ಮಕ್ಕಳ ನಿಜ ಹೆಸರು, ಜಾತಿ, ಮನೆಯ ಕಷ್ಟಗಳನ್ನು ಬರೆಯುವ ಹಕ್ಕು ನಮಗಿಲ್ಲ ಎಂಬುದೂ ನೆನಪಿರಲಿ.

ಕರಡು ಮುಗಿದ ಮೇಲೆ ಅದೇ ತರಗತಿಗೆ ಪಾಠ ಮಾಡಿದ ಸಹೋದ್ಯೋಗಿಯೊಬ್ಬರಿಗೆ ಕೊಡಿ. ‘ಹಾಗಾದರೆ 500ರಲ್ಲಿ 38 ಕಳೆಯುವಾಗ ನಿಮ್ಮ ಮಕ್ಕಳು ಏನು ಮಾಡ್ತಿದ್ರು?’ ಎಂದು ಅವರು ತಿರುಗಿ ಕೇಳಿದರೆ ಅರ್ಜಿ ಕಳಿಸಬಹುದು. ಸಂದರ್ಶನದಲ್ಲೂ ಹೆಚ್ಚುಕಡಿಮೆ ಇಂಥದೇ ಪ್ರಶ್ನೆ ಬರುತ್ತದೆ.