ಒಂದು ‘ಅ’ಕಾರದ ವ್ಯಾಜ್ಯ

ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ, ತಾನೇ ಬಲ್ಲವನೆಂಬ ಬಿಂಕದಲ್ಲಿ ಮನೆಗೆ ಬಂದ ಶ್ವೇತಕೇತುವಿಗೆ ಅಪ್ಪ ಉದ್ದಾಲಕ ಆರುಣಿ ಮತ್ತೆ ಪಾಠ ಹೇಳುತ್ತಾನೆ. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದ ಈ ಪಾಠದಲ್ಲಿ ‘ತತ್ತ್ವಮಸಿ’ ಎಂಬ ಮಾತು ಒಂಬತ್ತು ಸಲ ಬರುತ್ತದೆ. ಜೀವನಿಗೂ ಬ್ರಹ್ಮಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯಲ್ಲಿ ಶೃಂಗೇರಿ ಪರಂಪರೆಯ ಅದ್ವೈತವೂ ಉಡುಪಿಯ ದ್ವೈತವೂ ಬೇರೆಯಾಗುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಶಂಕರರು ಇದನ್ನು ‘ಅದು ನೀನೇ’ ಎಂದು ಓದುತ್ತಾರೆ. ಹಾಗಾದರೆ ಹಸಿವು, ಭಯ, ಮರೆವು ಇರುವ ಮನುಷ್ಯ ಸರ್ವಜ್ಞನಾದ ಬ್ರಹ್ಮವಾಗುವುದು ಹೇಗೆ? ಅದ್ವೈತಿಗಳ ಉತ್ತರ ಇದು: ಐಕ್ಯ ಹೇಳಿರುವುದು ಈ ಗುಣಗಳಿಗಲ್ಲ. ಅಲ್ಪಜ್ಞತೆ ಜೀವನಿಗೆ ಅಂಟಿದ ಉಪಾಧಿ, ಸರ್ವಜ್ಞತೆ ಈಶ್ವರನ ಉಪಾಧಿ. ಎರಡನ್ನೂ ಬದಿಗಿಟ್ಟರೆ ಉಳಿಯುವ ಚೈತನ್ಯ ಒಂದೇ. ಅಂದು ಕಂಡ ದೇವದತ್ತನನ್ನು ಇಂದು ಬೇರೆ ಊರಲ್ಲಿ ಕಂಡು ‘ಇವನೇ ಅವನು’ ಎನ್ನುವಾಗ ಕಾಲ, ಊರುಗಳನ್ನು ಬಿಟ್ಟು ಆಸಾಮಿಯನ್ನಷ್ಟೇ ಹಿಡಿಯುತ್ತೇವಲ್ಲ, ಹಾಗೆ.

ಮಧ್ವರು ಪದವನ್ನೇ ಬೇರೆ ಕಡೆ ಬಿಡಿಸುತ್ತಾರೆ. ಮೂಲದಲ್ಲಿ ಅದರ ಹಿಂದಿನ ಪದ ‘ಆತ್ಮಾ’. ಆ ದೀರ್ಘದೊಳಗೆ ಸವರ್ಣದೀರ್ಘ ಸಂಧಿಯಿಂದ ಒಂದು ‘ಅ’ ಸೇರಿಕೊಂಡಿರಬಹುದು. ಆಗ ಅದು ‘ಅತತ್ ತ್ವಮಸಿ’, ಅಂದರೆ ‘ನೀನು ಅದಲ್ಲ’. ವ್ಯಾಕರಣ ಎರಡಕ್ಕೂ ಅಡ್ಡಿ ಮಾಡುವುದಿಲ್ಲ. ಆದ್ದರಿಂದ ತೀರ್ಮಾನಕ್ಕೆ ದೃಷ್ಟಾಂತಗಳನ್ನು ನೋಡಿ ಎನ್ನುತ್ತದೆ ದ್ವೈತ.

ಉಪ್ಪಿನ ದೃಷ್ಟಾಂತವನ್ನೇ ತೆಗೆದುಕೊಳ್ಳಿ. ಅಪ್ಪ ರಾತ್ರಿ ಉಪ್ಪನ್ನು ನೀರಿಗೆ ಹಾಕಿಸಿ, ಬೆಳಿಗ್ಗೆ ಅದನ್ನು ತಾ ಎನ್ನುತ್ತಾನೆ. ಮಗನ ಕೈಗೆ ಉಪ್ಪು ಸಿಗುವುದಿಲ್ಲ. ಆದರೆ ಮೇಲೆ, ನಡುವೆ, ತಳದಲ್ಲಿ ಎಲ್ಲಿ ಸವಿದರೂ ನೀರು ಉಪ್ಪುಪ್ಪು. ಕಣ್ಣಿಗೆ ಕಾಣದ ಸದ್ವಸ್ತು ಈ ದೇಹದಲ್ಲೇ ಇದೆ, ಅದನ್ನು ಅರಿಯುವ ದಾರಿ ಬೇರೆ ಎಂದು ಶಂಕರರು ವಿವರಿಸುತ್ತಾರೆ. ದ್ವೈತಿಗಳ ಪ್ರಶ್ನೆ ಬೇರೆ: ಉಪ್ಪು ಎಲ್ಲೆಡೆ ವ್ಯಾಪಿಸಿದ್ದರೂ ನೀರು ಉಪ್ಪಾಯಿತೇ? ಭಗವಂತ ಜೀವನ ಒಳಗೇ ಇದ್ದರೂ ಜೀವ ಜೀವನೇ, ಅವನ ಅಧೀನ.

ಅದ್ವೈತಿಗಳು ಪ್ರಕರಣದ ಆರಂಭಕ್ಕೆ ಕರೆದೊಯ್ಯುತ್ತಾರೆ. ಒಂದನ್ನು ಅರಿತರೆ ಎಲ್ಲವನ್ನೂ ಅರಿತಂತೆ ಎಂಬ ಮಾತಿನಿಂದಲೇ ಪಾಠ ಶುರುವಾಗಿದೆ. ಭೇದ ನಿಜವಾದರೆ ಆ ಮಾತು ಸಲ್ಲುವುದು ಹೇಗೆ? ಮುಖ್ಯವಾದುದನ್ನು ಅರಿತರೆ ಉಳಿದುದನ್ನು ಅರಿತ ಫಲ ಬರುತ್ತದೆ ಎಂಬುದು ದ್ವೈತಿಗಳ ಸಮಾಧಾನ.

ಓದು ಬದಲಾದಂತೆ ಮೋಕ್ಷವೂ ಬದಲಾಗುತ್ತದೆ. ಅದ್ವೈತಿಗೆ ಅಜ್ಞಾನ ಹೋದರೆ ಸಾಕು, ಹೊಸದಾಗಿ ಪಡೆಯುವುದೇನೂ ಇಲ್ಲ, ಬದುಕಿದ್ದಾಗಲೇ ಮುಕ್ತನಾಗಬಹುದು. ದ್ವೈತಿಗೆ ಭಕ್ತಿಯೂ ವಿಷ್ಣುವಿನ ಪ್ರಸಾದವೂ ಬೇಕು. ಮುಕ್ತನಾದ ಮೇಲೂ ಪ್ರತಿ ಜೀವ ಬೇರೆಯಾಗಿಯೇ ಉಳಿದು, ತನ್ನ ಯೋಗ್ಯತೆಗೆ ತಕ್ಕ ಆನಂದ ಅನುಭವಿಸುತ್ತದೆ.