ಗೊಮೊಕು: ನಾಲ್ಕಿಗೆ ಉತ್ತರ ಕೊಡಲೇಬೇಕು

ಗೊಮೊಕು ಜಪಾನಿನಲ್ಲಿ ಬೆಳೆದ ಆಟ. ಮಣೆಯ ಮೇಲೆ 15 ಅಡ್ಡಗೆರೆ, 15 ಉದ್ದಗೆರೆ. ಗೆರೆಗಳು ಕೂಡುವ ಜಾಗದಲ್ಲಿ ಇಬ್ಬರೂ ಸರದಿಯಂತೆ ಒಂದೊಂದು ಕಾಯಿ ಇಡುತ್ತಾರೆ; ಮೊದಲ ನಡೆ ಕಪ್ಪಿನದು. ಇಟ್ಟ ಕಾಯಿಯನ್ನು ಮತ್ತೆ ಕದಲಿಸುವಂತಿಲ್ಲ. ಅಡ್ಡ, ಉದ್ದ, ಓರೆ, ಯಾವ ದಿಕ್ಕಿನಲ್ಲಾದರೂ ಸರಿ, ಐದು ಕಾಯಿಗಳನ್ನು ಬಿಡುವಿಲ್ಲದೆ ಸಾಲಾಗಿಸಿದವರು ಗೆದ್ದಂತೆ. ಕಲಿಯಲು ಎರಡು ನಿಮಿಷ ಸಾಕು. ಆದರೆ ಐದರ ಮೇಲೆಯೇ ಕಣ್ಣಿಟ್ಟು ಆಡುವವರು ಸೋಲುತ್ತಲೇ ಇರುತ್ತಾರೆ. ಐದನೆಯ ಕಾಯಿ ಬೀಳುವ ಎಷ್ಟೋ ನಡೆ ಮೊದಲೇ ಆಟದ ತೀರ್ಮಾನ ಆಗಿಹೋಗಿರುತ್ತದೆ.

ತೀರ್ಮಾನ ಆಗುವುದು ಮೂರು ಮತ್ತು ನಾಲ್ಕರ ಹಂತದಲ್ಲಿ. ನಾಲ್ಕು ಕಾಯಿ ಸಾಲಾಗಿ ನಿಂತು ಎರಡೂ ತುದಿ ಖಾಲಿ ಇದ್ದರೆ ಅದು ತೆರೆದ ನಾಲ್ಕು. ಎದುರಾಳಿ ಒಂದು ತುದಿ ಮುಚ್ಚಿದರೆ ಇನ್ನೊಂದರಲ್ಲಿ ಐದಾಗುತ್ತದೆ. ಅವನ ಕೈಯಲ್ಲೇ ಐದಾಗುವ ನಡೆ ಇಲ್ಲದಿದ್ದರೆ ಉಳಿಗಾಲವಿಲ್ಲ. ಒಂದೇ ತುದಿ ಖಾಲಿಯಿದ್ದರೆ ಅದು ಮುಚ್ಚಿದ ನಾಲ್ಕು. ಅದನ್ನು ತಡೆಯಬಹುದು, ಆದರೆ ತಡೆಯುವ ಜಾಗ ಒಂದೇ. ಚದುರಂಗದಲ್ಲಿ ರಾಜನಿಗೆ ಚೆಕ್ ಕೊಟ್ಟಂತೆ, ಬೇರೆ ಕೆಲಸವನ್ನೆಲ್ಲ ಬಿಟ್ಟು ಅದಕ್ಕೆ ಉತ್ತರ ಕೊಡಲೇಬೇಕು.

ತೆರೆದ ಮೂರು ಎಂದರೆ, ತಡೆಯದೆ ಬಿಟ್ಟರೆ ಮುಂದಿನ ನಡೆಗೆ ತೆರೆದ ನಾಲ್ಕಾಗುವ ಮೂರು ಕಾಯಿ. ಎರಡು ಬದಿ ಖಾಲಿ ಕಂಡ ಮಾತ್ರಕ್ಕೆ ಮೂರು ತೆರೆದದ್ದಾಗುವುದಿಲ್ಲ. ಎರಡೂ ಕಡೆ ಒಂದೊಂದೇ ಜಾಗ ಖಾಲಿಯಿದ್ದು ಅದರಾಚೆ ಎದುರಾಳಿಯ ಕಾಯಿಗಳಿದ್ದರೆ, ಅದು ಎತ್ತ ಬೆಳೆದರೂ ಮುಚ್ಚಿದ ನಾಲ್ಕೇ. ಹೊಸಬರು ಇಲ್ಲದ ಬೆದರಿಕೆಗೆ ಹೆದರಿ ನಡೆ ಕಳೆದುಕೊಳ್ಳುವುದು ಇಲ್ಲೇ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ: ತೆರೆದ ಮೂರನ್ನು ಎದುರಿಸುವವನು ತನ್ನದೊಂದು ನಾಲ್ಕು ಹೂಡಿ ಉತ್ತರವನ್ನು ಮುಂದೂಡಬಹುದು. ನಾಲ್ಕಿನ ಮುಂದೆ ಆ ಅವಕಾಶವಿಲ್ಲ.

ಹಾಗಾಗಿ ಒಂದೇ ಕಾಯಿಯಿಂದ ಒಂದು ದಿಕ್ಕಿನಲ್ಲಿ ನಾಲ್ಕು, ಇನ್ನೊಂದು ದಿಕ್ಕಿನಲ್ಲಿ ತೆರೆದ ಮೂರು ಹುಟ್ಟಿದರೆ ಸಾಮಾನ್ಯವಾಗಿ ಗೆಲುವು ಖಚಿತ. ಮಣೆಯ ಮೇಲೆ ಇಟ್ಟು ನೋಡಿ. ಎಡದಿಂದ ಬಲಕ್ಕೆ, ಕೆಳಗಿನಿಂದ ಮೇಲಕ್ಕೆ ಎಣಿಸೋಣ. 8ನೇ ಅಡ್ಡಗೆರೆಯ 5, 6, 7ರಲ್ಲಿ ಕಪ್ಪು, 4ರಲ್ಲಿ ಬಿಳಿ. 8ನೇ ಉದ್ದಗೆರೆಯ 9, 10ರಲ್ಲೂ ಕಪ್ಪು. ಆ ಗೆರೆಯಲ್ಲಿ ಮಿಕ್ಕದ್ದೆಲ್ಲ ಖಾಲಿ. ಸರದಿ ಕಪ್ಪಿನದು. ಎರಡು ಗೆರೆಗಳು ಕೂಡುವಲ್ಲಿ ಕಪ್ಪು ಕಾಯಿ ಇಟ್ಟರೆ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ತೆರೆದ ಮೂರು. ಬಿಳಿ ಅಡ್ಡಗೆರೆಯ 9ನ್ನು ಮುಚ್ಚಲೇಬೇಕು. ಆಗ ಕಪ್ಪು ಉದ್ದಗೆರೆಯ 11ರಲ್ಲಿ ಇಡುತ್ತದೆ. 7 ಮತ್ತು 12 ಎರಡೂ ಖಾಲಿ, ತೆರೆದ ನಾಲ್ಕು ಸಿದ್ಧ.

ಇದೇ ಸ್ಥಿತಿಯಲ್ಲಿ ಕಪ್ಪು ಅಡ್ಡಗೆರೆಯ 8ನ್ನು ಬಿಟ್ಟು 9ರಲ್ಲಿ ಇಟ್ಟರೂ ನಾಲ್ಕೇ, ನಡುವೆ ಒಂದು ಕಿಂಡಿಯಿರುವ ನಾಲ್ಕು. ಆದರೆ ಬಿಳಿಯ ತಡೆ ಈಗ ಬೀಳುವುದು ಆ ಕಿಂಡಿಯಲ್ಲಿ, ಅಂದರೆ ಎರಡು ಗೆರೆಗಳು ಕೂಡುವಲ್ಲೇ. ಉದ್ದಗೆರೆಯ ಆಸೆ ಅಲ್ಲಿಗೆ ಮುಗಿಯಿತು. ಪ್ರತಿ ನಾಲ್ಕೂ ಎದುರಾಳಿಯ ಕೈಯಿಂದ ಒಂದು ಕಾಯಿ ಇಡಿಸುತ್ತದೆ; ಅದು ಎಲ್ಲಿ ಬೀಳುತ್ತದೆಂದು ನೋಡದೆ ಸಿಕ್ಕ ನಾಲ್ಕನ್ನೆಲ್ಲ ಆಡಿಬಿಡುವುದು, ನನ್ನ ಲೆಕ್ಕದಲ್ಲಿ, ಈ ಆಟದ ಅತಿ ದುಬಾರಿ ಚಟ.

ಸರಿಯಾದ ಜಾಗದಲ್ಲಿ ಇಟ್ಟರೂ ಇನ್ನೊಂದು ಅಪಾಯ ಉಂಟು. 9ನೇ ಉದ್ದಗೆರೆಯ 9, 10, 11ರಲ್ಲಿ ಬಿಳಿ ಕಾಯಿಗಳಿವೆ, 12ರಲ್ಲಿ ಕಪ್ಪು ಅಡ್ಡ ನಿಂತಿದೆ, ಕೆಳಗೆ ಖಾಲಿ ಎಂದುಕೊಳ್ಳಿ. ಈಗ ಬಿಳಿ ಬಲವಂತಕ್ಕೆ ಇಟ್ಟ ತಡೆಯೇ ಅದಕ್ಕೆ ನಾಲ್ಕನೆಯ ಕಾಯಿ. ಕಪ್ಪು ತನ್ನ ದಾಳಿ ಬಿಟ್ಟು ಆ ಗೆರೆಯ 7ನ್ನು ಮುಚ್ಚಲು ಓಡಬೇಕು; ಮರುನಡೆಯಲ್ಲಿ ಬಿಳಿ ಕಪ್ಪಿನ ಮೂರನ್ನು ಆರಾಮವಾಗಿ ತಡೆಯುತ್ತದೆ. ದಾಳಿಗೆ ಇಳಿಯುವ ಮುನ್ನ ಅನುಭವಿಗಳು ತಮ್ಮ ಕಾಯಿಗಳಿಗಿಂತ ಎದುರಾಳಿಯ ಮುಚ್ಚಿದ ಮೂರುಗಳನ್ನೇ ಎಣಿಸುವುದು ಇದಕ್ಕೆ.

225 ಜಾಗಗಳ ಮಣೆಯಲ್ಲಿ ಎಲ್ಲ ನಡೆಗಳನ್ನೂ ಎಣಿಸಿ ಮುಗಿಸಲಾಗದು. ಆದರೂ ಮೊದಲು ಆಡುವ ಕಪ್ಪು ತಪ್ಪಿಲ್ಲದೆ ಆಡಿದರೆ ಗೆಲ್ಲುತ್ತದೆಂದು ನೆದರ್ಲೆಂಡ್ಸಿನ ವಿಕ್ಟರ್ ಆಲಿಸ್ 1990ರ ದಶಕದಲ್ಲಿ ಕಂಪ್ಯೂಟರಿನಿಂದ ತೋರಿಸಿಕೊಟ್ಟರು. ಅವರ ಉಪಾಯ ಸೊಗಸಾದದ್ದು. ಒಂದು ಬೆದರಿಕೆಗೆ ಮೂರು ತಡೆಗಳಿದ್ದರೆ ಒಂದೊಂದನ್ನೇ ಪರೀಕ್ಷಿಸುವ ಬದಲು ಮೂರನ್ನೂ ಒಟ್ಟಿಗೆ ಇಡಲು ಎದುರಾಳಿಗೆ ಬಿಟ್ಟುಕೊಡುವುದು. ಅಷ್ಟು ಉದಾರವಾದ ಮೇಲೂ ಬಲವಂತದ ಸರಪಳಿ ಗೆಲ್ಲುವುದಾದರೆ ಬೇರೆ ಕವಲುಗಳನ್ನು ನೋಡುವ ಅಗತ್ಯವೇ ಇಲ್ಲ.

ಕಪ್ಪಿನ ಈ ಅನುಕೂಲವನ್ನು ತಗ್ಗಿಸಲೆಂದು ರೆಂಜು ಎಂಬ ರೂಪದಲ್ಲಿ ಕಪ್ಪಿಗೆ ನಿರ್ಬಂಧಗಳಿವೆ: ಒಂದೇ ಕಾಯಿಯಿಂದ ಎರಡು ತೆರೆದ ಮೂರು, ಎರಡು ನಾಲ್ಕು, ಅಥವಾ ಆರು ಇಲ್ಲವೇ ಹೆಚ್ಚು ಕಾಯಿಗಳ ಸಾಲು ಮಾಡುವಂತಿಲ್ಲ. ನಾಲ್ಕು-ಮೂರಿಗೆ ಮಾತ್ರ ತಡೆಯಿಲ್ಲ, ಆದ್ದರಿಂದ ಅಲ್ಲಿ ಕಪ್ಪಿನ ಮುಖ್ಯ ಅಸ್ತ್ರ ಅದೇ. ಬಿಳಿಗೆ ಇಂಥ ಕಟ್ಟಳೆ ಇಲ್ಲ. ಜೊತೆಗೆ ಅದಕ್ಕೊಂದು ವಿಚಿತ್ರ ಗೆಲುವಿನ ದಾರಿ ಸಿಕ್ಕಿದೆ. ಕಪ್ಪಿಗೆ ನಿಷಿದ್ಧವಾದ ಜಾಗದಲ್ಲೇ ತಡೆ ಬೀಳಬೇಕಾಗುವಂತೆ ಬಿಳಿ ಒಂದು ಮುಚ್ಚಿದ ನಾಲ್ಕು ಹೂಡುತ್ತದೆ. ಮುಚ್ಚಬೇಕಾದ ಜಾಗ ಕಪ್ಪಿನ ಕಣ್ಣೆದುರೇ ಇರುತ್ತದೆ, ಆದರೆ ಅಲ್ಲಿ ಕಾಯಿ ಇಟ್ಟರೆ ನಿಯಮದಿಂದ ಸೋಲು, ಇಡದಿದ್ದರೆ ಐದರಿಂದ ಸೋಲು.